ಹಸುಗಳಿಗೆ ಹೆಸರಿದೆ, ಹೆಂಗಸಿಗಿಲ್ಲ

‘ಹೊಕ್ಕುಳಲ್ಲಿ ಹೂವಿಲ್ಲ’ ಬರೆದ ಎ.ಕೆ. ರಾಮಾನುಜನ್ ಮೈಸೂರಿನಲ್ಲಿ ಹುಟ್ಟಿದವರು. ಅವರ ಇಂಗ್ಲಿಷ್ ಸಂಕಲನ ‘ದಿ ಸ್ಟ್ರೈಡರ್ಸ್’ 1966ರಲ್ಲಿ ಬಂತು. ಅದರಲ್ಲಿರುವ ‘ಎ ರಿವರ್’ ಮಧುರೆಯ ನದಿಯನ್ನು ಕುರಿತ ಪದ್ಯ. ಸಂಕಟವನ್ನೂ ಸಿಟ್ಟನ್ನೂ ದನಿ ಏರಿಸದೆ ಹೇಳುವುದು ಹೇಗೆಂದು ಕಲಿಯಬೇಕಾದವರು ಇದನ್ನು ನಿಧಾನವಾಗಿ ಓದಬೇಕು.

ಬೇಸಿಗೆಯಲ್ಲಿ ನದಿ ಬತ್ತಿ ಮರಳು ಕಾಣುತ್ತದೆ. ಆಗ ಯಾವ ಕವಿಯೂ ಅತ್ತ ನೋಡುವುದಿಲ್ಲ. ನೆರೆ ಬಂದಾಗ ಮಾತ್ರ ಹಾಡುತ್ತಾರೆ. ನೆರೆಯ ದಿನ ಅಲ್ಲಿದ್ದ ಒಬ್ಬಾತನಿಗೆ ಕೇಳಿಸುವುದು ನೀರು ಎಷ್ಟು ಅಂಗುಲ ಏರಿತು, ಎಷ್ಟು ಮೆಟ್ಟಿಲು ಮುಳುಗಿದವು ಎಂಬ ಲೆಕ್ಕ. ಆ ಲೆಕ್ಕದ ಜೊತೆಗೇ ಇನ್ನೊಂದು ಪಟ್ಟಿ ಬರುತ್ತದೆ: ಮೂರು ಮನೆ, ಒಬ್ಬ ಬಸುರಿ, ಗೋಪಿ ಮತ್ತು ಬೃಂದಾ ಎಂಬ ಎರಡು ಹಸು. ವರ್ಷವರ್ಷವೂ ಹೀಗೇ ಎಂಬ ಮಾಮೂಲಿ ಧಾಟಿಯಲ್ಲಿ ಅದು ಮುಗಿದುಹೋಗುತ್ತದೆ.

ಹಸುಗಳಿಗೆ ಹೆಸರಿದೆ, ಬಸುರಿಗೆ ಇಲ್ಲ. ಇದು ಅನ್ಯಾಯವೆಂದು ಕವಿ ಒಂದು ಮಾತೂ ಆಡುವುದಿಲ್ಲ. ಊರಿನವರ ದನಿಯನ್ನೇ ಎರವಲು ಪಡೆದು, ಅದರ ಚಪ್ಪಟೆ ಧಾಟಿಯನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಸಿಟ್ಟು ಹುಟ್ಟುವುದು ಓದುವವರಲ್ಲಿ.

ಪದ್ಯದ ಕೊನೆಗೆ ಅದೇ ಪಟ್ಟಿ ಮತ್ತೆ ಬರುತ್ತದೆ, ಆದರೆ ಕ್ರಮ ಬದಲಾಗಿದೆ. ಮೊದಲು ನಡುವೆ ಸಿಕ್ಕಿಕೊಂಡಿದ್ದ ಬಸುರಿ ಈಗ ಹಸುಗಳ ನಂತರ, ಕಟ್ಟಕಡೆಗೆ ಬರುತ್ತಾಳೆ. ಅವಳ ಹೊಟ್ಟೆಯಲ್ಲಿ ತದ್ರೂಪಿ ಅವಳಿಗಳಿವೆ. ಗುರುತಿಸಲು ಮೈಮೇಲೆ ಮಚ್ಚೆಯೂ ಇಲ್ಲ, ಬೇರೆ ಬೇರೆ ಬಣ್ಣದ ಲಂಗೋಟಿಯಿಂದಲೇ ಗುರುತು ಹಿಡಿಯಬೇಕು. ಹುಟ್ಟದೇ ಹೋದ ಕೂಸುಗಳ ಬಟ್ಟೆಯ ಬಣ್ಣದ ಬಗ್ಗೆ ಇಷ್ಟು ಗಂಭೀರವಾಗಿ ಯೋಚಿಸುವ ಮನಸ್ಸು ಎಷ್ಟು ನೊಂದಿರಬೇಕು! ಮೊದಲ ಪಟ್ಟಿಯಲ್ಲಿ ಇಲ್ಲದಿದ್ದ ಅಕ್ಕರೆ ಈ ವಿವರದಲ್ಲಿದೆ. ಇದೊಂದು ಇಲ್ಲದಿದ್ದರೆ ಪದ್ಯವೂ ಊರಿನವರಷ್ಟೇ ಕಲ್ಲೆದೆಯದಾಗುತ್ತಿತ್ತು.

ಇಂಥ ಪದ್ಯ ಬರೆಯುವವರು ಎಡವುವುದು ಸಾಮಾನ್ಯವಾಗಿ ಇಲ್ಲೇ. ತಣ್ಣನೆಯ ದನಿ ಸುಲಭವಾಗಿ ಸಿಗುತ್ತದೆ. ಅದರೊಳಗೆ ಇಡಬೇಕಾದ ಆ ಒಂದು ವಿವರ ಸಿಗುವುದಿಲ್ಲ. ಆಗ ಭಯವಾಗಿ ಕೊನೆಗೊಂದು ‘ಅಯ್ಯೋ’ ಸೇರಿಸುತ್ತಾರೆ, ಅಲ್ಲಿಯವರೆಗೆ ಹಿಡಿದಿಟ್ಟದ್ದೆಲ್ಲ ಸೋರಿಹೋಗುತ್ತದೆ. ಇನ್ನು ಕೆಲವರ ವ್ಯಂಗ್ಯ ಗುರಿ ತಪ್ಪಿ ನೊಂದವರ ಮೇಲೇ ಬೀಳುತ್ತದೆ. ಬರೆದದ್ದನ್ನು ಗಟ್ಟಿಯಾಗಿ ಓದಿ, ಯಾರಿಗೆ ಚುಚ್ಚಿತೆಂದು ಕೇಳಿಕೊಂಡರೆ ಇದು ಗೊತ್ತಾಗುತ್ತದೆ. ರಾಮಾನುಜನ್ನರ ಪದ್ಯದಲ್ಲಿ ಮುಳುಗಿದವಳಿಗೆ ಚುಚ್ಚುವ ಒಂದು ಪದವೂ ಇಲ್ಲ. ಚುಚ್ಚುವುದು ಹಳೆಯ ಕವಿಗಳ ಸಾಲುಗಳನ್ನೇ ಉದ್ಧರಿಸುತ್ತ ಕೂತ ಹೊಸ ಕವಿಗಳಿಗೆ, ಅಂದರೆ ಬರೆಯುತ್ತಿರುವವರ ಕುಲಕ್ಕೇ.