ಅವ್ವನ ಫೈಲಿನಲ್ಲಿ ‘ಕಂಟಿನ್ಯೂ’

ಪುಣೆಯ ಒಂದು ಆರೈಕೆ ಕೇಂದ್ರಕ್ಕೆ ಅವ್ವನನ್ನು ಸೇರಿಸಿ ಹನ್ನೊಂದು ತಿಂಗಳಾಗಿತ್ತು. ಧಾರವಾಡದ ಮನೆಗೆ ಬೀಗ ಹಾಕಿ ಕರೆತಂದಾಗ ಅವಳಿಗೆ ಮರೆವಿನ ಕಾಯಿಲೆ ಮಧ್ಯದ ಹಂತದಲ್ಲಿತ್ತು. ಮೊದಲ ತಿಂಗಳು ದಿನಾ ಸಂಜೆ ಐದರ ನಂತರ ಕೂಗಾಟ, ಬಾಗಿಲು ಬಡಿಯುವುದು, ಕೈ ಹಿಡಿದವರನ್ನು ಚಿವುಟುವುದು ನಡೆಯಿತು. ಆಮೇಲೆ ಎಲ್ಲ ನಿಂತಿತು. “ಆಜಿ ಈಗ ಶಾಂತ ಇದ್ದಾರೆ” ಎಂದು ನರ್ಸ್ ಹೇಳಿದಾಗ, ಸುಳ್ಳೇಕೆ ಹೇಳಲಿ, ನನಗೂ ನಿರಾಳವಾಗಿತ್ತು.

ಆ ಶಾಂತಿ ಎಂಥದೆಂದು ನೋಡಲು ನಾನು ತಡಮಾಡಿದೆ. ಭಾನುವಾರ ಹೋದರೆ ಮಧ್ಯಾಹ್ನ ಹನ್ನೆರಡಕ್ಕೂ ಅವ್ವ ತೂಕಡಿಸುತ್ತಿದ್ದಳು. ಜೊಲ್ಲು ಸುರಿಯುತ್ತಿತ್ತು, ಕುರ್ಚಿಯಲ್ಲಿ ಒಂದು ಕಡೆ ವಾಲುತ್ತಿದ್ದಳು, ಬೆಳಿಗ್ಗೆಯ ಉಪ್ಪಿಟ್ಟು ಇನ್ನೂ ದವಡೆಯಲ್ಲೇ ಇರುತ್ತಿತ್ತು. ಕಾಯಿಲೆ ಬೆಳೆದಿದೆ ಅಂದುಕೊಂಡೆ. ಬಚ್ಚಲಲ್ಲಿ ಬಿದ್ದು ಹುಬ್ಬಿಗೆ ಹೊಲಿಗೆ ಬಿದ್ದ ಮೇಲೆ ಫೈಲು ಕೇಳಿದೆ.

ಅದರಲ್ಲಿ ರಾತ್ರಿಗೆ ಕ್ವೆಟಿಯಾಪಿನ್ 50 ಮಿ.ಗ್ರಾಂ, ಕ್ಲೊನಾಜೆಪಾಮ್ 0.5 ಮಿ.ಗ್ರಾಂ ಎಂದಿತ್ತು. ಪ್ರತಿ ತಿಂಗಳ ಭೇಟಿಯ ಮುಂದೆ ಒಂದೇ ಪದ: ಕಂಟಿನ್ಯೂ. ಯಾಕೆ ಶುರುವಾಯಿತು, ಯಾವಾಗ ನಿಲ್ಲಿಸಬೇಕು, ಎಲ್ಲೂ ಇಲ್ಲ. ರಾತ್ರಿಯ ರಿಜಿಸ್ಟರಿನಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ‘ಬೇಕಾದರೆ ಮಾತ್ರ’ ಎಂದು ಬರೆದಿದ್ದ ಹೆಚ್ಚುವರಿ ಕ್ಲೊನಾಜೆಪಾಮ್ ವಾರಕ್ಕೆ ಮೂರು-ನಾಲ್ಕು ಸಲ ಕೊಟ್ಟಿದ್ದರು. ಈ ಮಾತ್ರೆಯ ಅರ್ಧ ಭಾಗ ದೇಹದಿಂದ ಹೋಗಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಹಾಗಾಗಿ ರಾತ್ರಿಯದು ಮರುದಿನದ ಮೇಲೂ ಕೂತಿರುತ್ತದೆ. ನಿಮ್ಮವರ ಫೈಲು ನೋಡುವಾಗ ಚೀಟಿಯಷ್ಟೇ ಸಾಲದು, ಕೊಟ್ಟದ್ದನ್ನು ಬರೆಯುವ ಆ ರಿಜಿಸ್ಟರನ್ನೂ ಕೇಳಿ.

ಕ್ವೆಟಿಯಾಪಿನ್ ಮೂಲತಃ ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಗಳ ಔಷಧಿ. ಈ ಬಗೆಯ ಔಷಧಿಗಳ ಮೇಲೆ 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕಟು ಎಚ್ಚರಿಕೆ ಹಾಕಿಸಿತು. ಮರೆವಿನ ಕಾಯಿಲೆಯ ವೃದ್ಧರ ಮೇಲೆ ನಡೆದ, ಸುಮಾರು ಹತ್ತು ವಾರಗಳ ಪ್ರಯೋಗಗಳಲ್ಲಿ ಔಷಧಿ ಪಡೆದವರಲ್ಲಿ ನೂರಕ್ಕೆ 4.5 ಮಂದಿ ಸತ್ತಿದ್ದರೆ, ಪಡೆಯದವರಲ್ಲಿ 2.6. ಹಾಗೆಂದು ಕೊಡಲೇಬಾರದು ಎಂದಲ್ಲ. ಹೊಡೆತ-ಬಡಿತ, ಇಲ್ಲದವರನ್ನು ಕಂಡು ಹೆದರುವುದು ತೀವ್ರವಾದಾಗ ಕೆಲವರಿಗೆ ಇವು ಬೇಕಾಗುತ್ತವೆ. ಆದರೆ ಅಲೆದಾಟಕ್ಕೆ, ಕೇಳಿದ್ದನ್ನೇ ಕೇಳುವುದಕ್ಕೆ ಇವುಗಳಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಅಮೆರಿಕದ ಮನೋವೈದ್ಯರ ಸಂಘದ 2016ರ ಮಾರ್ಗಸೂಚಿಯ ಪ್ರಕಾರ, ಸರಿಯಾದ ಪ್ರಮಾಣದಲ್ಲಿ ನಾಲ್ಕು ವಾರ ಕೊಟ್ಟರೂ ಗುಣ ಕಾಣದಿದ್ದರೆ ಇಳಿಸಿ ನಿಲ್ಲಿಸಬೇಕು. ಗುಣ ಕಂಡರೂ ಶುರುಮಾಡಿದ ನಾಲ್ಕು ತಿಂಗಳೊಳಗೆ ಇಳಿಸಿ ನೋಡಬೇಕು. ಹಿಂದೆ ಇಳಿಸಿದಾಗ ತೊಂದರೆ ಮರಳಿದ್ದರೆ ಮಾತು ಬೇರೆ.

ಡಾಕ್ಟರನ್ನು ಕಂಡು, “ಇದು ಅವ್ವನ ಯಾವ ವರ್ತನೆಗೆ ಕೊಟ್ಟದ್ದು ಸರ್? ಆ ವರ್ತನೆ ಈಗ ಇದೆಯಾ?” ಎಂದಷ್ಟೇ ಕೇಳಿದೆ. ಜಗಳಕ್ಕೆ ಹೋಗಿರಲಿಲ್ಲ. ಅವರು ಫೈಲು ತಿರುವಿ, “ಹೊಸ ಜಾಗ ಅಂತ ಶುರು ಮಾಡಿದ್ವಿ. ಇಳಿಸಿ ನೋಡೋಣ” ಎಂದರು. ನನ್ನ ಎರಡನೇ ಪ್ರಶ್ನೆ, ಮಾತ್ರೆಗೆ ಮುಂಚೆ ನೋವು, ಮಲಬದ್ಧತೆ, ಮೂತ್ರದ ಸೋಂಕು ನೋಡಿದ್ದರೇ ಎಂದು. ಅದಕ್ಕೆ ಫೈಲಿನಲ್ಲಿ ಉತ್ತರವಿರಲಿಲ್ಲ.

ಎರಡನ್ನೂ ಒಟ್ಟಿಗೆ ಇಳಿಸಲಿಲ್ಲ. ಮೊದಲು ಕ್ವೆಟಿಯಾಪಿನ್ 25ಕ್ಕೆ, ಎರಡು ವಾರದ ನಂತರ 12.5ಕ್ಕೆ, ಮತ್ತೆರಡು ವಾರ ಬಿಟ್ಟು ಬಂದ್. ಆಮೇಲೆ ಕ್ಲೊನಾಜೆಪಾಮ್, ಇನ್ನೂ ನಿಧಾನವಾಗಿ. ಬಹುಕಾಲ ತೆಗೆದುಕೊಂಡ ಕ್ಲೊನಾಜೆಪಾಮನ್ನು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಸಿಟ್ಟಿನಲ್ಲಿ ನೀವೇ ಮಾತ್ರೆ ತೆಗೆಸಿಬಿಡಬೇಡಿ.

ಮೂರನೇ ವಾರ ಸಂಜೆಯ ಕೂಗು ಮರಳಿತು. ಕೇಂದ್ರದವರು ಫೋನ್ ಮಾಡಿದರು. ರಾತ್ರಿ ಹನ್ನೆರಡು ಜನರಿಗೆ ಒಬ್ಬಳೇ ಆಯಾ, ಅವರ ಕಷ್ಟ ಸುಳ್ಳಲ್ಲ. ನಾಲ್ಕು ಸಂಜೆ ನಾನೇ ಹೋಗಿ ಕೂತೆ. ಅವ್ವ ಕೂಗುತ್ತಿದ್ದದ್ದು “ಒಂದಕ್ಕ ಹೋಗಬೇಕು, ಒಂದಕ್ಕ!” ಎಂದು. ಮರಾಠಿ, ಹಿಂದಿ ಬಲ್ಲ ಆಯಾಗೆ ಅದು ಬರೀ ಗದ್ದಲ. ಅವ್ವನಿಗೋ ಕಾಯಿಲೆ ಬಂದಾಗಿನಿಂದ ಕನ್ನಡವೊಂದೇ ಉಳಿದಿತ್ತು. ಎಬ್ಬಿಸಲು ಬಂದವರ ಕೈ ಹಿಡಿದು ಕೂರಿಸಿದರೆ ಆಕೆ ಚಿವುಟುತ್ತಿದ್ದಳು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ಅದಕ್ಕೆ ಔಷಧಿಯಾಯಿತು, ನಾಲ್ಕೂವರೆಗೇ ಬಚ್ಚಲಿಗೆ ಕರೆದೊಯ್ಯುವುದು ರೂಢಿಯಾಯಿತು. ಕೂಗು ಪೂರ್ತಿ ಹೋಗಲಿಲ್ಲ, ಮುಕ್ಕಾಲು ಕಡಿಮೆಯಾಯಿತು.

ಈಗ ಕ್ವೆಟಿಯಾಪಿನ್ ಇಲ್ಲ. ಕ್ಲೊನಾಜೆಪಾಮ್ 0.25 ಉಳಿದಿದೆ, ಅದಕ್ಕಿಂತ ಇಳಿಸಿದಾಗ ಮೂರು ರಾತ್ರಿ ನಿದ್ದೆಯಿಲ್ಲದೆ ಒದ್ದಾಡಿದಳು, ಡಾಕ್ಟರು ಅಲ್ಲೇ ನಿಲ್ಲಿಸಿದ್ದಾರೆ. ಫೈಲಿನಲ್ಲಿ ‘ಕಂಟಿನ್ಯೂ’ ಬದಲು ಕಾರಣ ಮತ್ತು ಮುಂದಿನ ಮರುಪರಿಶೀಲನೆಯ ತಾರೀಖು ಬರೆಸಿದ್ದೇನೆ. ಅವಳ ಕಪಾಟಿನ ಬಾಗಿಲಿಗೆ ದೇವನಾಗರಿಯಲ್ಲಿ ಹನ್ನೆರಡು ಕನ್ನಡ ಪದ ಬರೆದು ಅಂಟಿಸಿದ್ದೇನೆ: ಒಂದಕ್ಕ, ನೀರು, ನೋವು, ಚಳಿ… ಹೋದ ಭಾನುವಾರ ಅವ್ವ ನನ್ನನ್ನು ತನ್ನ ತಮ್ಮನೆಂದುಕೊಂಡು, ಉಪ್ಪಿಟ್ಟಿಗೆ ಉಪ್ಪು ಕಡಿಮೆ ಅಂತ ಬೈದಳು.