ಒಂದು ಒಪ್ಪಿಗೆಗಾಗಿ ಒಂಬತ್ತು ದಿನ

ಸಾಫ್ಟ್‌ವೇರ್ ತಂಡದಲ್ಲಿ ಹೊಸ ಕೋಡ್ ನೇರವಾಗಿ ಮೂಲ ಕೋಡಿಗೆ ಸೇರುವುದಿಲ್ಲ. ‘ನೋಡಿ, ಸರಿಯಿದ್ದರೆ ಸೇರಿಸಿ’ ಎಂಬ ಕೋರಿಕೆಯೇ ಪುಲ್ ರಿಕ್ವೆಸ್ಟ್. ಗಿಟ್‌ಹಬ್‌ನಲ್ಲಿ CODEOWNERS ಎಂಬ ಕಡತದಲ್ಲಿ ಯಾವ ಭಾಗಕ್ಕೆ ಯಾರು ಹೊಣೆ ಎಂದು ಬರೆದು, ಅವರ ಒಪ್ಪಿಗೆಯನ್ನು ಕಡ್ಡಾಯ ಮಾಡಬಹುದು.

ಪಾವತಿ ಆ್ಯಪ್ ಒಂದನ್ನು ಊಹಿಸಿಕೊಳ್ಳಿ. ನೆಟ್‌ವರ್ಕ್ ತಡವಾದಾಗ ಗ್ರಾಹಕರ ಹಣ ಎರಡು ಸಲ ಕಡಿತವಾಗುತ್ತಿದೆ. ತಿದ್ದುಪಡಿ ಸಿದ್ಧವಿದೆ, ಡೇಟಾಬೇಸ್ ತಂಡದ ಒಪ್ಪಿಗೆ ಮಾತ್ರ ಬಂದಿಲ್ಲ. ಕಾದಷ್ಟೂ ತೊಡಕು ಹೆಚ್ಚುತ್ತದೆ. ಅಷ್ಟರಲ್ಲಿ ಮೂಲ ಕೋಡ್ ಬದಲಾಗಿ ಎರಡಕ್ಕೂ ತಾಳೆ ತಪ್ಪುತ್ತದೆ. ಅದನ್ನು ಸರಿಪಡಿಸಿ ಹೊಸ ಕಮಿಟ್ ಹಾಕಿದರೆ, ಕೆಲವು ಕಂಪನಿಗಳ ನಿಯಮದಂತೆ ಮೊದಲು ಸಿಕ್ಕ ಒಪ್ಪಿಗೆಗಳೂ ರದ್ದಾಗುತ್ತವೆ.

ಆಗ ಟೆಕ್ ಲೀಡ್ ತನ್ನ ಮ್ಯಾನೇಜರ್‌ಗೆ ಹೀಗೆ ಬರೆಯಬಹುದು:

“ಸರ್, ಎರಡು ಸಲ ಹಣ ಕಡಿತವಾಗುವುದನ್ನು ತಡೆಯುವ ತಿದ್ದುಪಡಿ 3ನೇ ತಾರೀಖಿನಿಂದ ನಿಂತಿದೆ. ಬಾಕಿ ಇರುವುದು ಡೇಟಾಬೇಸ್ ತಂಡದ ಒಪ್ಪಿಗೆ. 5 ಮತ್ತು 9ರಂದು ಕೇಳಿದೆವು, ಅವರು ಬೇರೆ ತುರ್ತು ಕೆಲಸದಲ್ಲಿದ್ದಾರೆ. ನಾಳೆ ಮಧ್ಯಾಹ್ನದೊಳಗೆ ಆ ತಂಡದ ಇನ್ನೊಬ್ಬರನ್ನು ಗೊತ್ತುಮಾಡಿಸುವಿರಾ? ಇಲ್ಲವಾದರೆ ಗುರುವಾರದ ಬಿಡುಗಡೆ ತಪ್ಪುತ್ತದೆ.”

ಇದರಲ್ಲಿ ಯಾರ ಮೇಲೂ ದೂರಿಲ್ಲ. ಮ್ಯಾನೇಜರ್ ಮಾಡಬೇಕಾದ್ದು ಒಂದೇ ಕೆಲಸ, ಅದಕ್ಕೊಂದು ಗಡುವಿದೆ. ನಿಯಮ ದಾಟಿ ಸೇರಿಸುವ ಅಧಿಕಾರ ಅಡ್ಮಿನ್‌ಗೆ ಇರಬಹುದಾದರೂ ಲೀಡ್ ಅದನ್ನು ಕೇಳಿಲ್ಲ. ಅದು ಸರಿಯೇ, ಏಕೆಂದರೆ ಜನರ ಹಣ ಮುಟ್ಟುವ ಕೋಡನ್ನು ಬಲ್ಲವರೊಬ್ಬರು ಓದಲೇಬೇಕು.