ಬೆಳಗಿನ ಜಾವದ ಹೊಟ್ಟೆನೋವು ಪರೀಕ್ಷೆಯ ಪ್ರಶ್ನೆಯಾದಾಗ

ಆಸ್ಪತ್ರೆಯ ಕೇಸ್ ಶೀಟ್ ಬರೆದು ಮುಗಿಯುವ ಹೊತ್ತಿಗೆ ರೋಗ ಯಾವುದೆಂದು ಎಲ್ಲರಿಗೂ ಗೊತ್ತಾಗಿರುತ್ತದೆ. ಪರೀಕ್ಷೆಯ ಪ್ರಶ್ನೆಯಲ್ಲಿ ಮಾತ್ರ ಅದು ಯಾರಿಗೂ ಗೊತ್ತಿರಬಾರದು. ವೈದ್ಯಕೀಯ ಕಾಲೇಜಿನ ಅಧ್ಯಾಪಕರು ನಿಜವಾದ ಕೇಸನ್ನು ನೀಟ್ ಪಿಜಿ ಮಾದರಿಯ ನಾಲ್ಕು ಆಯ್ಕೆಗಳ ಪ್ರಶ್ನೆಯಾಗಿ ತಿದ್ದುವಾಗ ತಿಣುಕುವುದು ಹೆಚ್ಚಾಗಿ ಇಲ್ಲಿಯೇ.

ಕಟ್ಟುಹಾವು, ಅಂದರೆ ಕ್ರೈಟ್ ಕಡಿತದ ಒಂದು ಮಾದರಿ ಕೇಸ್ ಶೀಟ್ ತೆಗೆದುಕೊಳ್ಳೋಣ. ಅದರಲ್ಲಿ ಹೆಂಗಸಿನ ಹೆಸರು, ಊರು, ಐಪಿ ನಂಬರು, ದಾಖಲಾದ ತಾರೀಖು ಇವೆ. ಬೆಳಗಿನ ಜಾವ 4 ಗಂಟೆಗೆ ಹೊಟ್ಟೆನೋವು, ವಾಂತಿ. 6 ಗಂಟೆಗೆ ರೆಪ್ಪೆ ಎತ್ತಲಾಗುತ್ತಿಲ್ಲ. ಡ್ಯೂಟಿ ಡಾಕ್ಟರು ‘ಕ್ರಿಮಿನಾಶಕ ಸೇವನೆ?’ ಎಂದು ಬರೆದು ಆಮೇಲೆ ಹೊಡೆದುಹಾಕಿದ್ದಾರೆ. 8 ಗಂಟೆಗೆ ಉಸಿರಾಟ ಸೋತು ವೆಂಟಿಲೇಟರ್. ಮಧ್ಯಾಹ್ನ ಮಗ ಬಂದು, ಚಾಪೆಯ ಕೆಳಗೆ ಹಾವು ಸಿಕ್ಕಿತೆಂದು ಹೇಳುತ್ತಾನೆ.

ಹೆಸರು, ಊರು, ತಾರೀಖು ಮೊದಲು ಹೋಗಬೇಕು. 47 ವರ್ಷ 45 ಆದರೂ ಅಡ್ಡಿಯಿಲ್ಲ, ಬೀಡಿ ಕಟ್ಟುವವರು ಕೂಲಿಯವರಾದರೂ ನಡೆಯುತ್ತದೆ. ಆದರೆ ಗುರುತು ಮರೆಸುವ ಉತ್ಸಾಹದಲ್ಲಿ ‘ರಾತ್ರಿ ನೆಲದ ಮೇಲೆ ಮಲಗಿದ್ದರು’ ಎಂಬುದನ್ನು ‘ಹಗಲು ಹೊಲದಲ್ಲಿದ್ದರು’ ಎಂದು ಮಾಡಿದರೆ ಕಥೆಯೇ ಕುಸಿಯುತ್ತದೆ. ಈ ಹಾವು ಓಡಾಡುವುದು ರಾತ್ರಿ. ಕಡಿದದ್ದು ಮಲಗಿದ್ದವರಿಗೆ ಗೊತ್ತೂ ಆಗದಿರಬಹುದು, ಗಾಯದ ಗುರುತೂ ಕಾಣದಿರಬಹುದು.

ಇನ್ನು ಗಡಿಯಾರವನ್ನು ಎಲ್ಲಿ ನಿಲ್ಲಿಸಬೇಕು? ಮಗ ಹೇಳಿದ ಮಾತು ಉತ್ತರವನ್ನೇ ಬಿಟ್ಟುಕೊಡುವುದರಿಂದ ಅದು ಬೇಡ. 8 ಗಂಟೆಗೆ ನಿಲ್ಲಿಸಿದರೆ ಬೇರೆ ತೊಡಕು: ಉಸಿರಾಟ ಸೋತವರಿಗೆ ಮೊದಲು ಬೇಕಾದದ್ದು ಕೃತಕ ಉಸಿರಾಟ, ಉಳಿದದ್ದೆಲ್ಲ ಆಮೇಲೆ. ಔಷಧದ ಬಗ್ಗೆ ಕೇಳಹೊರಟ ಪ್ರಶ್ನೆಗೆ ಆಗ ಎರಡು ಸರಿಯುತ್ತರಗಳಾಗುತ್ತವೆ. ಆದ್ದರಿಂದ ಆರೂವರೆಗೆ ನಿಲ್ಲಿಸಬೇಕು. ತಿದ್ದಿದ ಮೇಲೆ ಪ್ರಶ್ನೆ ಹೀಗಿರುತ್ತದೆ:

‘45 ವರ್ಷದ ಕೂಲಿ ಹೆಂಗಸು. ರಾತ್ರಿ ಆರೋಗ್ಯವಾಗಿಯೇ ನೆಲದ ಮೇಲೆ ಮಲಗಿದ್ದರು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ; ಎರಡು ಗಂಟೆಯ ಬಳಿಕ ಎರಡೂ ರೆಪ್ಪೆ ಇಳಿದಿವೆ, ನುಂಗಲು ಕಷ್ಟ. ಎಚ್ಚರವಿದ್ದಾರೆ. ಬೆವರು, ಜೊಲ್ಲು ಇಲ್ಲ. ಕಣ್ಣಿನ ಪಾಪೆ ಕಿರಿದಾಗಿಲ್ಲ. ಮೈಮೇಲೆ ಬಾವು ಕಾಣುವುದಿಲ್ಲ. ಗಾಜಿನ ನಳಿಕೆಯಲ್ಲಿಟ್ಟ ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟಿದೆ. ಸದ್ಯಕ್ಕೆ ಉಸಿರಾಟ ಸರಿಯಾಗಿದೆ. ಈಗ ಕೊಡಬೇಕಾದ ಔಷಧ ಯಾವುದು?

ಅ) ಅಟ್ರೊಪಿನ್
ಆ) ಹಾವಿನ ವಿಷದ ಪ್ರತಿವಿಷ
ಇ) ಇಮ್ಯುನೊಗ್ಲಾಬ್ಯುಲಿನ್
ಈ) ಪಿರಿಡೊಸ್ಟಿಗ್ಮಿನ್’

ಪ್ರಶ್ನೆ ಗಟ್ಟಿಯೋ ಜಳ್ಳೋ ಎಂದು ನೋಡಲು ಅನುಭವಿಗಳು ಆಯ್ಕೆಗಳನ್ನು ಕೈಯಿಂದ ಮುಚ್ಚಿ ಓದುತ್ತಾರೆ. ಮುಚ್ಚಿದಾಗಲೂ ಉತ್ತರ ಹೊಳೆಯಬೇಕು. ನಾಲ್ಕೂ ಒಂದೇ ಜಾತಿಯವಾಗಿರಬೇಕು, ಇಲ್ಲಿ ನಾಲ್ಕೂ ಔಷಧಗಳು. ಸರಿಯುತ್ತರಕ್ಕೆ ಮಾತ್ರ ‘10 ವಯಲ್, ಡ್ರಿಪ್‌ನಲ್ಲಿ’ ಎಂದು ಬಾಲ ಅಂಟಿಸಿದರೆ, ಏನೂ ಓದದ ಹುಡುಗನೂ ಉದ್ದದ ಉತ್ತರಕ್ಕೇ ಗುರುತು ಹಾಕಿ ಅಂಕ ಗಿಟ್ಟಿಸುತ್ತಾನೆ. ತಪ್ಪು ಆಯ್ಕೆಗಳನ್ನು ತಲೆಯಿಂದ ಹುಟ್ಟಿಸುವ ಗೋಜೂ ಬೇಕಿಲ್ಲ. ಡ್ಯೂಟಿ ಡಾಕ್ಟರು ಹೊಡೆದುಹಾಕಿದ ಆ ಸಾಲೇ ಅಟ್ರೊಪಿನ್ ಅನ್ನು ಕೊಟ್ಟಿತು. ವಾರ್ಡಿನಲ್ಲಿ ಒಬ್ಬ ವೈದ್ಯರಿಗೆ ಬಂದ ಅನುಮಾನ ವಿದ್ಯಾರ್ಥಿಗೂ ಬಂದೀತು.

ಪ್ರಶ್ನೆಯ ಅರ್ಧ ಬೆಲೆ ಇರುವುದು ವಿವರಣೆಯಲ್ಲಿ. ‘ಸರಿಯುತ್ತರ ಆ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವವರೇ ಜಾಸ್ತಿ. ಆರ್ಗನೊಫಾಸ್ಫರಸ್ ಕ್ರಿಮಿನಾಶಕ ಹೊಟ್ಟೆಗೆ ಹೋಗಿದ್ದರೆ ಬೆವರು, ಜೊಲ್ಲು ಸುರಿದು ಪಾಪೆ ಚುಕ್ಕಿಯಷ್ಟಾಗುತ್ತಿತ್ತು. ಅಟ್ರೊಪಿನ್‌ಗೆ ಇಲ್ಲಿ ಕೆಲಸವಿಲ್ಲ. ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವ ಗಿಯಾನ್-ಬಾರೆ ಕಾಯಿಲೆ ಗಂಟೆಗಳಲ್ಲಲ್ಲ, ದಿನಗಳಲ್ಲಿ ಏರುತ್ತದೆ. ಪಿರಿಡೊಸ್ಟಿಗ್ಮಿನ್ ಮಯಸ್ತೇನಿಯಾಕ್ಕೆ, ಅದರಲ್ಲಿ ದಣಿದಷ್ಟೂ ರೆಪ್ಪೆ ಇಳಿಯುತ್ತದೆ, ಆದರೆ ಹೊಟ್ಟೆನೋವಿಗೆ ಅದು ಕಾರಣ ಹೇಳುವುದಿಲ್ಲ. ರಕ್ತ ಹೆಪ್ಪುಗಟ್ಟಿರುವುದರಿಂದ ಮಂಡಲದ ಹಾವಿನ ಅನುಮಾನ ಹಿಂದೆ ಸರಿಯುತ್ತದೆ, ಬಾವು ಇಲ್ಲದಿರುವುದರಿಂದ ನಾಗರದ್ದೂ ಅಷ್ಟೇ.

ಪಠ್ಯಪುಸ್ತಕ ಅವಸರದಲ್ಲಿ ದಾಟಿಬಿಡುವ ಒಂದು ಸಂಗತಿಯೂ ವಿವರಣೆಯಲ್ಲಿ ಬರಬೇಕು. ಪ್ರತಿವಿಷ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸಿಬಿಟ್ಟಿದ್ದರೆ ಔಷಧ ಕೊಟ್ಟರೂ ರೆಪ್ಪೆ ತಕ್ಷಣ ಏಳುವುದಿಲ್ಲ. ಆ ತುದಿ ಮತ್ತೆ ಚಿಗುರುವ ತನಕ ವೆಂಟಿಲೇಟರ್ ಬೇಕಾಗಬಹುದು. ಇದು ಗೊತ್ತಿಲ್ಲದಿದ್ದರೆ ‘ಔಷಧ ನಾಟಲಿಲ್ಲ’ ಎಂದು ವಯಲ್ ಮೇಲೆ ವಯಲ್ ಏರಿಸುವ ತಪ್ಪಾಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಯದೇ ಮೌಲ್ಯಮಾಪನ. ನೂರರಲ್ಲಿ ಐದು ಜನವೂ ಮುಟ್ಟದ ಆಯ್ಕೆ ದಂಡ, ಅದನ್ನು ಬದಲಿಸಬೇಕು. ಒಟ್ಟು ಅಂಕದಲ್ಲಿ ಮುಂದಿರುವವರೇ ಇದೊಂದರಲ್ಲಿ ಎಡವಿ, ಹಿಂದಿರುವವರು ಸರಿ ಬರೆದಿದ್ದರೆ ದೋಷ ಹೆಚ್ಚಾಗಿ ಪ್ರಶ್ನೆಯದೇ. ಉದಾಹರಣೆಗೆ ‘ಉಸಿರಾಟ ಸರಿಯಾಗಿದೆ’ ಎಂಬ ಸಾಲು ಅಚ್ಚಿನಲ್ಲಿ ಬಿಟ್ಟುಹೋಗಿದ್ದರೆ, ಚೆನ್ನಾಗಿ ಓದಿದವರು ಆಯ್ಕೆಗಳಲ್ಲೇ ಇಲ್ಲದ ಕೃತಕ ಉಸಿರಾಟವನ್ನು ಹುಡುಕುತ್ತ ಕೂತಿರುತ್ತಾರೆ.